ಹಿಂದಿರುಗುವ ದಿನ ಗೊತ್ತಿಲ್ಲದ ಪ್ರಯಾಣ: ವಿಮಾನದ ಟಿಕೆಟು ಕೊಳ್ಳುವ ಲೆಕ್ಕಾಚಾರ

ವ್ಯಾಪಾರದ ನಿಮಿತ್ತ ವಿದೇಶಕ್ಕೆ ಹೋಗುವವರಿಗೆ ಹಿಂದಿರುಗುವ ದಿನ ಮೊದಲೇ ಗೊತ್ತಿರುತ್ತದೆ. ವಸ್ತುಪ್ರದರ್ಶನ ಮುಗಿಯುವ ದಿನ, ಖರೀದಿದಾರರೊಡನೆ ಮಾತುಕತೆ ಮುಗಿಯುವ ದಿನ, ಅದಾದ ಮರುದಿನದ ವಿಮಾನ. ಹೀಗೆ ಹತ್ತಾರು ಸಲ ಓಡಾಡಿ ಅನುಭವವಿರುವ ಉದ್ಯಮಿಯೂ ಮನೆಯವರ ಚಿಕಿತ್ಸೆಗಾಗಿ ವಿದೇಶಕ್ಕೆ ಹೊರಟಾಗ ಟಿಕೆಟು ಕೊಳ್ಳುವುದರಲ್ಲಿ ಎಡವುವುದುಂಟು. ಶಸ್ತ್ರಚಿಕಿತ್ಸೆಯ ದಿನವನ್ನು ಆಸ್ಪತ್ರೆ ಬರೆದು ಕೊಡುತ್ತದೆ. ಊರಿಗೆ ಮರಳುವ ದಿನವನ್ನು ಯಾರೂ ಬರೆದು ಕೊಡುವುದಿಲ್ಲ. ‘ಸುಮಾರು ಆರು ವಾರ’ ಎಂಬ ಮಾತಿನ ಆಧಾರದ ಮೇಲೆ ಲಕ್ಷ ರೂಪಾಯಿಯ ಆಸುಪಾಸಿನ ಟಿಕೆಟನ್ನು ಕೊಳ್ಳಬೇಕಾಗುತ್ತದೆ.

ಹಿಂದೆ ಇದಕ್ಕೊಂದು ಸುಲಭ ಉಪಾಯವಿತ್ತು. ಕಾಗದದ ಟಿಕೆಟುಗಳ ಕಾಲದಲ್ಲಿ ಮರುಪ್ರಯಾಣದ ಚೀಟಿಯ ಮೇಲೆ ದಿನಾಂಕದ ಬದಲು OPEN ಎಂದು ಮುದ್ರಿಸಿ ಕೊಡಲಾಗುತ್ತಿತ್ತು. ಪ್ರಯಾಣಿಕನು ಕೆಲಸ ಮುಗಿದ ಮೇಲೆ ವಿಮಾನ ಸಂಸ್ಥೆಯ ಕಚೇರಿಗೆ ಹೋಗಿ ದಿನಾಂಕವನ್ನು ನಮೂದಿಸಿಕೊಳ್ಳುತ್ತಿದ್ದನು. 2008ರ ಜೂನ್ 1ರಿಂದ ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘದ ಸದಸ್ಯ ಸಂಸ್ಥೆಗಳು ಪೂರ್ಣವಾಗಿ ಇಲೆಕ್ಟ್ರಾನಿಕ್ ಟಿಕೆಟಿಗೆ ಬದಲಾದವು. ಇಂದು ಬಹುಪಾಲು ಮಾರಾಟ ಪದ್ಧತಿಗಳಲ್ಲಿ ಯಾವುದಾದರೊಂದು ದಿನಾಂಕವನ್ನು ತುಂಬದೆ ಮರುಪ್ರಯಾಣದ ಟಿಕೆಟು ಹುಟ್ಟುವುದೇ ಇಲ್ಲ. ಆದ್ದರಿಂದ ಊಹೆಯ ದಿನಾಂಕವೊಂದನ್ನು ಹಾಕಿ, ಅನಂತರ ಅದನ್ನು ಬದಲಾಯಿಸಿಕೊಳ್ಳುವ ಹಕ್ಕನ್ನು ಹಣ ಕೊಟ್ಟು ಕೊಳ್ಳುವುದೊಂದೇ ಉಳಿದಿರುವ ದಾರಿ. ಆ ಹಕ್ಕಿಗೆ ಇರುವ ಹೆಸರೇ ‘ಫ್ಲೆಕ್ಸಿಬಲ್ ದರ’ ಅಥವಾ ‘ಫ್ಲೆಕ್ಸ್’.

ಈ ಹೆಸರೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಫ್ಲೆಕ್ಸ್ ಟಿಕೆಟು ಕೊಂಡರೆ ಯಾವ ದಿನಕ್ಕೆ ಬೇಕಾದರೂ ಹೆಚ್ಚಿನ ಹಣವಿಲ್ಲದೆ ಬದಲಾಯಿಸಿಕೊಳ್ಳಬಹುದೆಂದು ಕೊಳ್ಳುವವರು ತಿಳಿಯುತ್ತಾರೆ. ವಾಸ್ತವವಾಗಿ ಅಲ್ಲಿ ಬಿಟ್ಟುಕೊಡುವುದು ಬದಲಾವಣೆಯ ಶುಲ್ಕವನ್ನು ಮಾತ್ರ. ಶುಲ್ಕದ ಹೊರತಾಗಿ ‘ದರವ್ಯತ್ಯಾಸ’ ಎಂಬ ಇನ್ನೊಂದು ಬಾಬತ್ತಿದೆ. ಅದು ಬಹುತೇಕ ಫ್ಲೆಕ್ಸ್ ಟಿಕೆಟುಗಳಿಗೂ ಅನ್ವಯಿಸುತ್ತದೆ. 2020ರಲ್ಲಿ ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ತಮ್ಮ ಬಹಳಷ್ಟು ಟಿಕೆಟುಗಳ ಮೇಲಿನ ಬದಲಾವಣೆ ಶುಲ್ಕವನ್ನು ಕೈಬಿಟ್ಟದ್ದು ದೊಡ್ಡ ಸುದ್ದಿಯಾಯಿತು. ಆಗಲೂ ದರವ್ಯತ್ಯಾಸವನ್ನು ಅವು ಕೈಬಿಡಲಿಲ್ಲ.

ಒಂದೇ ಸಾಲಿನ ಸೀಟು, ಹತ್ತು ಬೆಲೆ

ದರವ್ಯತ್ಯಾಸ ಹುಟ್ಟುವ ಬಗೆಯನ್ನು ಸರಕಿನ ದಾಸ್ತಾನಿನ ಹೋಲಿಕೆಯಿಂದ ತಿಳಿಯುವುದು ಸುಲಭ. ವಿಮಾನದ ಎಕಾನಮಿ ವಿಭಾಗದ ಸೀಟುಗಳೆಲ್ಲ ನೋಡಲು ಒಂದೇ. ಆದರೆ ಮಾರಾಟದ ಪುಸ್ತಕದಲ್ಲಿ ಅವು ಹತ್ತು ಹನ್ನೆರಡು ವರ್ಗಗಳಾಗಿ ಹಂಚಿಹೋಗಿರುತ್ತವೆ. ಪ್ರತಿ ವರ್ಗಕ್ಕೂ ಇಂಗ್ಲಿಷಿನ ಒಂದು ಅಕ್ಷರವಿದೆ. ಸಾಮಾನ್ಯವಾಗಿ Y ಎಂಬುದು ಅತ್ಯಂತ ದುಬಾರಿ ವರ್ಗ. ಅದರ ಕೆಳಗೆ ಬೇರೆ ಬೇರೆ ಅಕ್ಷರಗಳ ಅಗ್ಗದ ವರ್ಗಗಳು ಬರುತ್ತವೆ. ಒಂದೊಂದು ವಿಮಾನದಲ್ಲಿ ಅಗ್ಗದ ವರ್ಗಕ್ಕೆ ಎಷ್ಟು ಸೀಟು ಎಂಬುದನ್ನು ಸಂಸ್ಥೆಯು ಬೇಡಿಕೆ ನೋಡಿ ತೀರ್ಮಾನಿಸುತ್ತದೆ. ಹಬ್ಬದ, ರಜೆಯ ದಿನಗಳ ವಿಮಾನಗಳಲ್ಲಿ ಅಗ್ಗದ ವರ್ಗ ಬೇಗ ಮುಗಿಯುತ್ತದೆ, ಕೆಲವು ದಿನ ತೆರೆಯುವುದೇ ಇಲ್ಲ.

ದಿನಾಂಕ ಬದಲಾಯಿಸುವಾಗ ಹೊಸ ದಿನದ ವಿಮಾನದಲ್ಲಿ ಮೊದಲು ಕೊಂಡ ವರ್ಗದ ಸೀಟೇ ಸಿಕ್ಕರೆ ದರವ್ಯತ್ಯಾಸ ಸಾಮಾನ್ಯವಾಗಿ ಇರುವುದಿಲ್ಲ, ಇಲ್ಲವೇ ಅಲ್ಪವಾಗಿರುತ್ತದೆ. ಆ ವರ್ಗ ಮುಗಿದು ಮೇಲಿನ ವರ್ಗ ಮಾತ್ರ ಉಳಿದಿದ್ದರೆ ಎರಡರ ನಡುವಿನ ಅಂತರವನ್ನು ತೆರಬೇಕು. ವಿಮಾನದಲ್ಲಿ ಸೀಟು ಖಾಲಿ ಇರುವುದಕ್ಕೂ ತಮ್ಮ ವರ್ಗದಲ್ಲಿ ಸೀಟು ಖಾಲಿ ಇರುವುದಕ್ಕೂ ಸಂಬಂಧವಿಲ್ಲ. ಅರ್ಧ ಖಾಲಿ ಹೊರಟ ವಿಮಾನಕ್ಕೂ ನಲವತ್ತು ಸಾವಿರ ಹೆಚ್ಚು ಕೊಡಬೇಕಾಯಿತೆಂದು ದೂರುವವರ ಗೊಂದಲದ ಮೂಲ ಇಲ್ಲಿದೆ.

ಇನ್ನೊಂದು ವಿಷಯವು ಟಿಕೆಟಿನ ಮುಖದ ಮೇಲೆ ಕಾಣುವುದೇ ಇಲ್ಲ. ಅಗ್ಗದ ದರಗಳಿಗೆ ಗರಿಷ್ಠ ವಾಸ್ತವ್ಯದ ಅವಧಿ ಇರುತ್ತದೆ: ಹೊರಟ ದಿನದಿಂದ ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು ಅಥವಾ ಒಂದು ವರ್ಷದೊಳಗೆ ಮರುಪ್ರಯಾಣ ಆರಂಭವಾಗಬೇಕು. ಪೂರ್ಣ ದರದ ಟಿಕೆಟಿಗೆ ಪ್ರಯಾಣ ಆರಂಭಿಸಿದ ದಿನದಿಂದ ಒಂದು ವರ್ಷದ ಸಿಂಧುತ್ವವಿರುವುದು ರೂಢಿ. ಶುಲ್ಕ ಎಷ್ಟೇ ಕೊಡಲು ಸಿದ್ಧರಿದ್ದರೂ ಗರಿಷ್ಠ ಅವಧಿ ದಾಟಿದ ದಿನಕ್ಕೆ ಅದೇ ದರದಲ್ಲಿ ಟಿಕೆಟನ್ನು ಬದಲಾಯಿಸಲಾಗುವುದಿಲ್ಲ. ದೀರ್ಘಾವಧಿಯ ದರಕ್ಕೆ ಇಡೀ ಟಿಕೆಟನ್ನೇ ಏರಿಸಿಕೊಳ್ಳಬೇಕು.

ಈ ಎಲ್ಲ ಷರತ್ತುಗಳೂ ದರದ ನಿಯಮಾವಳಿಯಲ್ಲಿ ಲಿಖಿತವಾಗಿರುತ್ತವೆ. ಟ್ರಾವೆಲ್ ಏಜೆಂಟರ ಕಂಪ್ಯೂಟರಿನಲ್ಲಿ MAXIMUM STAY ಮತ್ತು PENALTIES ಎಂಬ ಎರಡು ಶೀರ್ಷಿಕೆಗಳ ಕೆಳಗೆ ಅವನ್ನು ಓದಬಹುದು. ಹಣ ಕಟ್ಟುವ ಮೊದಲು ಈ ಎರಡು ಪುಟಗಳನ್ನು ಮುದ್ರಿಸಿ ಕೊಡುವಂತೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಸರಕು ಕೊಳ್ಳುವಾಗ ಷರತ್ತುಪತ್ರ ಓದದೆ ಸಹಿ ಹಾಕದ ವ್ಯಾಪಾರಿಗಳು ಟಿಕೆಟಿನ ವಿಷಯದಲ್ಲಿ ಮಾತ್ರ ಬಾಯಿಮಾತಿಗೆ ತಲೆದೂಗುವುದು ವಿಚಿತ್ರವೇ ಸರಿ.

ಬೆಳಗಾವಿಯಿಂದ ಹ್ಯೂಸ್ಟನ್‌ಗೆ: ಒಂದು ಲೆಕ್ಕ

ಈ ನಿಯಮಗಳು ಕೈಗೆ ಹೇಗೆ ತಟ್ಟುತ್ತವೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿನ ವ್ಯಕ್ತಿಗಳೂ ಮೊತ್ತಗಳೂ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ದರಗಳು ಋತುವಿನಿಂದ ಋತುವಿಗೆ, ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತಿರುತ್ತವೆ.

ಬೆಳಗಾವಿಯ ಫೌಂಡ್ರಿ ಮಾಲೀಕರೊಬ್ಬರ ಪತ್ನಿಗೆ ತೊಡೆಯ ಮಾಂಸಖಂಡದಲ್ಲಿ ಅಪರೂಪದ ಗಡ್ಡೆ. ಹ್ಯೂಸ್ಟನ್ ನಗರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ತೀರ್ಮಾನವಾಗಿದೆ. ದಂಪತಿಗಳು ಅಕ್ಟೋಬರ್ 5ರಂದು ಬೆಂಗಳೂರಿನಿಂದ ಹೊರಡಬೇಕು. ಆಸ್ಪತ್ರೆಯ ಪತ್ರದಲ್ಲಿ ಆರು ವಾರ ಎಂದಿರುವುದರಿಂದ ಹಿಂದಿರುಗುವ ದಿನ ನವೆಂಬರ್ 20 ಎಂದು ಹಾಕುತ್ತಾರೆ. ಏಜೆಂಟರು ಒಂದೇ ಸಂಸ್ಥೆಯ ಮೂರು ದರಗಳನ್ನು ಮುಂದಿಡುತ್ತಾರೆ. ಮೊದಲನೆಯದು ಹೋಗಿಬರಲು ತಲಾ 92,000 ರೂಪಾಯಿ, ಪ್ರತಿ ಬದಲಾವಣೆಗೆ 20,000, ವಾಸ್ತವ್ಯ ಗರಿಷ್ಠ ಮೂರು ತಿಂಗಳು. ಎರಡನೆಯದು 1,06,000 ರೂಪಾಯಿ, ಬದಲಾವಣೆಗೆ 10,000, ವಾಸ್ತವ್ಯ ಆರು ತಿಂಗಳು. ಮೂರನೆಯದು ಫ್ಲೆಕ್ಸ್, 1,28,000 ರೂಪಾಯಿ, ಎಷ್ಟು ಸಲ ಬದಲಾಯಿಸಿದರೂ ಶುಲ್ಕವಿಲ್ಲ, ವಾಸ್ತವ್ಯ ಒಂದು ವರ್ಷ. ಮೂರಕ್ಕೂ ದರವ್ಯತ್ಯಾಸ ಪ್ರತ್ಯೇಕ.

ಶಸ್ತ್ರಚಿಕಿತ್ಸೆ ಅಕ್ಟೋಬರ್ ಮಧ್ಯದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ತೆಗೆದ ಗಡ್ಡೆಯ ಪರೀಕ್ಷೆಯ ವರದಿ ಬಂದ ಮೇಲೆ, ನವೆಂಬರ್ 4ರಂದು, ವೈದ್ಯರು ವಿಕಿರಣ ಚಿಕಿತ್ಸೆಯೂ ಬೇಕೆಂದು ಹೇಳುತ್ತಾರೆ. ಗಾಯ ಮಾಯಲು ಕಾಯಬೇಕು, ಆಮೇಲೆ ವಾರಕ್ಕೆ ಐದು ದಿನದಂತೆ 30 ಬಾರಿ ವಿಕಿರಣ. ನವೆಂಬರ್ ಮೂರನೆಯ ವಾರ ಆರಂಭಿಸಿದರೆ, ನಡುವೆ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ರಜೆಗಳನ್ನು ಕಳೆದು, ಡಿಸೆಂಬರ್ ಕೊನೆಗೆ ಮುಗಿಯಬಹುದು. ತಪಾಸಣೆಗೆ ಒಂದು ವಾರ ಸೇರಿಸಿದರೆ ಜನವರಿ 10.

ಇಲ್ಲಿ ಮೂರು ತಿಂಗಳ ಷರತ್ತು ಎದುರಾಗುತ್ತದೆ. ಅಕ್ಟೋಬರ್ 5ರಂದು ಹೊರಟವರ ಮೂರು ತಿಂಗಳು ಜನವರಿ 5ಕ್ಕೆ ಮುಗಿಯುತ್ತದೆ. ಮೊದಲನೆಯ ದರದಲ್ಲಿ ಕೊಂಡಿದ್ದರೆ ಐದು ದಿನದ ಸಲುವಾಗಿ ಆರು ತಿಂಗಳ ದರಕ್ಕೆ ಏರಬೇಕು: ಅಂತರ 14,000, ಶುಲ್ಕ 20,000, ಒಟ್ಟು 34,000. ಎರಡನೆಯ ದರದವರಿಗೆ ಶುಲ್ಕ 10,000 ಮಾತ್ರ. ಫ್ಲೆಕ್ಸ್ ಕೊಂಡವರಿಗೆ ಏನೂ ಇಲ್ಲ. ಜನವರಿಯ ಎರಡನೆಯ ವಾರ ಅಮೆರಿಕದಿಂದ ಭಾರತದ ಕಡೆಗೆ ನೂಕುನುಗ್ಗಲಿಲ್ಲದ ಕಾಲವಾದ್ದರಿಂದ ಮೊದಲಿನ ವರ್ಗದ ಸೀಟೇ ಸಿಕ್ಕಿತೆಂದು ಹಿಡಿಯಬಹುದು.

ಡಿಸೆಂಬರ್ ಕೊನೆಯ ವಾರದಲ್ಲಿ ಚರ್ಮ ಕೆಂಪಾಗಿ ಗಾಯದ ಅಂಚು ಬಿಟ್ಟುಕೊಂಡು ಕೆಲವು ದಿನ ವಿಕಿರಣವನ್ನು ನಿಲ್ಲಿಸಬೇಕಾಗುತ್ತದೆ. ಇಂತಹ ವಿರಾಮ ಅಪರೂಪವಲ್ಲ. ಪ್ರಯಾಣ ಜನವರಿ 17ಕ್ಕೆ ಹೋಗುತ್ತದೆ. ಅಷ್ಟರಲ್ಲಿ ಆ ವಾರದ ವಿಮಾನಗಳಲ್ಲಿ ಮೊದಲಿನ ವರ್ಗ ಮುಗಿದಿದ್ದು, ಮೇಲಿನ ವರ್ಗಕ್ಕೆ 9,000 ರೂಪಾಯಿ ವ್ಯತ್ಯಾಸ ಬೀಳುತ್ತದೆ. ಮೊದಲನೆಯ ದರದವರು ಈಗ ಎರಡನೆಯ ದರದ ನಿಯಮಕ್ಕೆ ಬಂದಿರುವುದರಿಂದ 10,000 ಶುಲ್ಕವನ್ನೂ ಸೇರಿಸಿ 19,000 ಕೊಡಬೇಕು.

ಕೂಡಿ ನೋಡಿದರೆ ಅಗ್ಗದ ಟಿಕೆಟು 1,45,000ಕ್ಕೆ ಮುಟ್ಟಿದೆ. ಫ್ಲೆಕ್ಸ್ 1,37,000. ನಡುವಿನದು 1,35,000. ಎರಡು ಸಲ ದಿನಾಂಕ ಬದಲಾದರೂ ಫ್ಲೆಕ್ಸ್ ಗೆಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ನಡುವಿನ ದರಕ್ಕಿಂತ ಅದಕ್ಕೆ 22,000 ಹೆಚ್ಚು ಕೊಟ್ಟಿದೆ. ಪ್ರತಿ ಬದಲಾವಣೆಯಲ್ಲಿ ಉಳಿಯುವುದು 10,000. ಅಂದರೆ ಮೂರನೆಯ ಬದಲಾವಣೆಯಿಂದ ಮಾತ್ರ ಫ್ಲೆಕ್ಸ್ ಲಾಭದಾಯಕ. ಏಜೆಂಟರು ಮುಂದಿಟ್ಟ ಯಾವ ದರಪಟ್ಟಿಗಾದರೂ ಈ ಭಾಗಾಕಾರವನ್ನು ಎರಡು ನಿಮಿಷದಲ್ಲಿ ಮಾಡಬಹುದು: ಹೆಚ್ಚುವರಿ ಬೆಲೆಯನ್ನು ಒಂದು ಬದಲಾವಣೆಯ ಶುಲ್ಕದಿಂದ ಭಾಗಿಸಿದರೆ ಎಷ್ಟು ಸಲ ದಿನಾಂಕ ಬದಲಾದರೆ ಅಸಲು ಹುಟ್ಟುತ್ತದೆಂದು ತಿಳಿಯುತ್ತದೆ. ಹಲವು ಹಂತಗಳಿರುವ ಕ್ಯಾನ್ಸರ್ ಚಿಕಿತ್ಸೆಗೆ ಮೂರು ಬದಲಾವಣೆ ಅತಿಯೇನಲ್ಲ. ದಿನ ನಿಗದಿಯಾದ ಒಂದೇ ಶಸ್ತ್ರಚಿಕಿತ್ಸೆಗೆ ಒಂದು ಅಥವಾ ಎರಡು ಸಾಕಾಗುವುದೇ ಹೆಚ್ಚು.

ಇನ್ನು ಫೌಂಡ್ರಿಯ ಮಾಲೀಕರ ವಿಷಯ. ಅವರಿಗೆ ನವೆಂಬರ್ 20ರಂದು ಮರಳಲೇಬೇಕಿತ್ತು. ಕುಲುಮೆ ತಣ್ಣಗಾದರೆ ಕಾರ್ಮಿಕರ ಸಂಬಳ ಹುಟ್ಟುವುದಿಲ್ಲ. ಮಗಳು ಹೋಗಿ ತಾಯಿಯ ಜೊತೆ ನಿಂತಳು, ಅವರು ಮೊದಲು ಹಾಕಿದ ದಿನವೇ ಹಿಂದಿರುಗಿದರು. ಅವರ ಮಟ್ಟಿಗೆ 92,000ದ ಟಿಕೆಟೇ ಸರಿಯಾದ ಟಿಕೆಟು. ಇಬ್ಬರಿಗೂ ಒಂದೇ ಬಗೆಯ ದರ ಕೊಳ್ಳುವುದು ಬಹಳ ಮನೆಗಳ ರೂಢಿ. ಹಾಗೆ ಇಬ್ಬರಿಗೂ ಫ್ಲೆಕ್ಸ್ ಕೊಂಡಿದ್ದರೆ ಅವರ ಪಾಲಿನ 36,000 ರೂಪಾಯಿ ವ್ಯರ್ಥವಾಗುತ್ತಿತ್ತು. ರೋಗಿಯ ಮತ್ತು ಜೊತೆಗಾರರ ಟಿಕೆಟುಗಳನ್ನು ಬೇರೆ ಬೇರೆ ಬುಕಿಂಗ್ ಸಂಖ್ಯೆಯಲ್ಲಿ ಮಾಡಿಸಿ, ಹೋಗುವಾಗ ಅಕ್ಕಪಕ್ಕದ ಸೀಟು ಕೊಡುವಂತೆ ಎರಡರಲ್ಲೂ ನಮೂದಿಸುವುದು ಲೇಸು. ಒಂದೇ ಸಂಖ್ಯೆಯಲ್ಲಿದ್ದರೆ ಒಬ್ಬರ ದಿನಾಂಕ ಬದಲಾಯಿಸಲು ಮೊದಲು ಬುಕಿಂಗನ್ನು ಒಡೆಯಬೇಕು. ಆ ಗಡಿಬಿಡಿಯಲ್ಲಿ ಇಬ್ಬರ ದಿನಾಂಕವೂ ಬದಲಾಗಿಹೋಗುವ ಅಪಾಯವಿದೆ.

ಬದಲಾಯಿಸುವುದು ಯಾವಾಗ

ಮೇಲಿನ ಲೆಕ್ಕದಲ್ಲಿ ನಿರ್ಣಾಯಕವಾದುದು ನವೆಂಬರ್ 4ರಂದೇ ದಿನಾಂಕವನ್ನು ಮುಂದೆ ಹಾಕಿದ್ದು. ಹೆಚ್ಚಿನವರು ಹಾಗೆ ಮಾಡುವುದಿಲ್ಲ. ವಿಕಿರಣ ಎಂದು ಮುಗಿಯುವುದೋ ನೋಡಿ, ನಿಶ್ಚಿತವಾದ ಮೇಲೆ ಬದಲಾಯಿಸೋಣವೆಂದು ನವೆಂಬರ್ 19ರ ವರೆಗೆ ತಡೆಯುತ್ತಾರೆ; ಆಗ ಗಾಬರಿಯಿಂದ ‘ಡಿಸೆಂಬರ್ 18ಕ್ಕೆ ಹಾಕಿ’ ಎನ್ನುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಭಾರತೀಯರೆಲ್ಲ ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಡುವ ವಾರ ಅದು. ಅಗ್ಗದ ವರ್ಗಗಳೆಲ್ಲ ತಿಂಗಳುಗಳ ಹಿಂದೆಯೇ ಮುಗಿದಿರುತ್ತವೆ. ಆಗ ದರವ್ಯತ್ಯಾಸವೊಂದೇ ನಲವತ್ತೈದು ಐವತ್ತು ಸಾವಿರಕ್ಕೆ ಹೋದರೆ ಆಶ್ಚರ್ಯವಿಲ್ಲ. ಮತ್ತೆ ಆ ದಿನವೂ ಪ್ರಯಾಣ ಸಾಧ್ಯವಾಗದೆ ಜನವರಿಗೆ ಹೋದಾಗ, ಒಮ್ಮೆ ತೆತ್ತ ವ್ಯತ್ಯಾಸ ಹಿಂದೆ ಬರುವುದು ನಿಯಮವನ್ನು ಅವಲಂಬಿಸಿದೆ. ಹಲವು ದರಗಳಲ್ಲಿ ಬರುವುದೇ ಇಲ್ಲ.

ಆದ್ದರಿಂದ ಶುಲ್ಕವಿಲ್ಲದೆ ಬದಲಾಯಿಸುವ ಹಕ್ಕಿರುವವರು ಮೊದಲ ಸೂಚನೆ ಸಿಕ್ಕೊಡನೆ, ಅಂತಿಮ ದಿನ ಗೊತ್ತಾಗುವ ಮೊದಲೇ, ನೂಕುನುಗ್ಗಲಿಲ್ಲದ ಮುಂದಿನ ವಾರವೊಂದಕ್ಕೆ ತಮ್ಮ ಸೀಟನ್ನು ಸರಿಸಿಡಬೇಕು. ಫ್ಲೆಕ್ಸ್ ದರದ ನಿಜವಾದ ಉಪಯೋಗ ಇದು. ಅಗ್ಗದ ವರ್ಗದ ಸೀಟು ಇನ್ನೂ ಮಾರಾಟದಲ್ಲಿರುವಾಗಲೇ ಅದನ್ನು ಹಿಡಿದಿಡಬಹುದು. ಪ್ರತಿ ಬದಲಾವಣೆಗೂ ಶುಲ್ಕ ತೆರಬೇಕಾದವರ ಲೆಕ್ಕ ಬೇರೆ. ಅವರು ಊಹೆಗಳನ್ನು ಕಡಿಮೆ ಮಾಡಿ, ಸ್ವಲ್ಪ ದೂರದ ದಿನವನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ಮೊದಲ ಬಾರಿ ಟಿಕೆಟು ಕೊಳ್ಳುವಾಗಲೂ ಇದೇ ವಿವೇಚನೆ ಬೇಕು. ಆಸ್ಪತ್ರೆ ಆರು ವಾರವೆಂದರೆ ಏಳು ಎಂಟು ವಾರದ ದಿನ ಹಾಕುವುದರಲ್ಲಿ ನಷ್ಟವಿಲ್ಲ. ಚಿಕಿತ್ಸೆ ಬೇಗ ಮುಗಿಯುವುದು ಕಡಿಮೆ, ತಡವಾಗುವುದೇ ಹೆಚ್ಚು. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಸುಮಾರು ಹನ್ನೊಂದು ತಿಂಗಳ ಮುಂದಿನ ವರೆಗೆ ಮಾತ್ರ ಸೀಟು ಮಾರುವುದರಿಂದ ಅದಕ್ಕಿಂತ ದೂರದ ದಿನಾಂಕ ಮೊದಲಿಗೆ ಸಿಗುವುದಿಲ್ಲ.

ವೀಸಾದ ಅವಧಿಯನ್ನು ಇದರೊಡನೆ ಬೆರೆಸಬಾರದು. ಟಿಕೆಟಿಗೆ ಒಂದು ವರ್ಷ ಸಿಂಧುತ್ವವಿದ್ದರೂ ಅಮೆರಿಕಕ್ಕೆ ಸಂದರ್ಶಕ ವೀಸಾದಲ್ಲಿ ಬಂದವರಿಗೆ ವಲಸೆ ಅಧಿಕಾರಿ ಸಾಮಾನ್ಯವಾಗಿ ಆರು ತಿಂಗಳ ವರೆಗೆ ಮಾತ್ರ ವಾಸ್ತವ್ಯ ಕೊಡುತ್ತಾರೆ. ಆ ದಿನ I-94 ದಾಖಲೆಯಲ್ಲಿರುತ್ತದೆ, ವೀಸಾ ಚೀಟಿಯಲ್ಲಲ್ಲ. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಅವಧಿ ಮುಗಿಯುವ ಮೊದಲೇ, ಸಾಧ್ಯವಾದರೆ 45 ದಿನ ಮುಂಚೆ, I-539 ಅರ್ಜಿ ಸಲ್ಲಿಸಬೇಕು. ಷೆಂಗೆನ್ ವಲಯದ ಯೂರೋಪಿನ ದೇಶಗಳಲ್ಲಿ ಅಲ್ಪಾವಧಿ ವೀಸಾದವರಿಗೆ 180 ದಿನಗಳಲ್ಲಿ 90 ದಿನಗಳ ಮಿತಿ ಇದೆ. ಬ್ರಿಟನ್ನಿನಲ್ಲಿ ಖಾಸಗಿ ಚಿಕಿತ್ಸೆಗೆಂದೇ 11 ತಿಂಗಳ ವರೆಗಿನ ಸಂದರ್ಶಕ ವೀಸಾ ಇದೆ; ದೀರ್ಘ ಚಿಕಿತ್ಸೆಯವರು ಮಾಮೂಲಿ ಆರು ತಿಂಗಳ ವೀಸಾದ ಬದಲು ಅದನ್ನೇ ಕೇಳಬೇಕು. ವೀಸಾ ಅನುಮತಿಸುವುದಕ್ಕಿಂತ ಹೆಚ್ಚಿನ ಸಿಂಧುತ್ವಕ್ಕೆ ಹಣ ತೆರುವುದರಲ್ಲಿ ಅರ್ಥವಿಲ್ಲ.

ವೈದ್ಯರ ಪತ್ರ

ಚಿಕಿತ್ಸೆ ಮುಗಿದ ದಿನವೂ ವಿಮಾನ ಹತ್ತಬಹುದಾದ ದಿನವೂ ಒಂದೇ ಅಲ್ಲ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಿಂದ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಆ ಎತ್ತರದಲ್ಲಿ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಆದ್ದರಿಂದ ಎದೆಯ ಅಥವಾ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಹತ್ತು ದಿನ ಕಾಯುವಂತೆ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಮಾರ್ಗಸೂಚಿ ಹೇಳುತ್ತದೆ. ಕಣ್ಣಿನ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಅನಿಲ ತುಂಬಿದ್ದರೆ ಆ ಅನಿಲದ ಬಗೆಯನ್ನು ನೋಡಿ ಎರಡರಿಂದ ಆರು ವಾರ. ಕಾಲಿನ ಶಸ್ತ್ರಚಿಕಿತ್ಸೆಯಾದವರಿಗೆ ದೀರ್ಘಕಾಲ ಕುಳಿತಿರುವುದರಿಂದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಭಯವಿದೆ. ಈ ದಿನಗಳನ್ನು ಆರಂಭದ ಊಹೆಯಲ್ಲಿಯೇ ಸೇರಿಸಿಕೊಳ್ಳಬೇಕು. ಚಿಕಿತ್ಸಕರ ಅಂತಿಮ ಮಾತು ಇವೆಲ್ಲಕ್ಕಿಂತ ಮೇಲು.

ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದ ಪ್ರಯಾಣಿಕರಿಂದ ವಿಮಾನ ಸಂಸ್ಥೆಗಳು ಮೆಡಿಫ್ ಎಂಬ ವೈದ್ಯಕೀಯ ನಮೂನೆಯನ್ನು ಕೇಳುತ್ತವೆ. ಚಿಕಿತ್ಸೆ ನೀಡಿದ ವೈದ್ಯರು ಅದನ್ನು ತುಂಬಬೇಕು, ಸಂಸ್ಥೆಯ ವೈದ್ಯರು ಒಪ್ಪಬೇಕು. ಪ್ರಯಾಣಕ್ಕೆ ಎರಡು ಮೂರು ದಿನ ಮುಂಚೆಯಾದರೂ ಅದು ತಲುಪಿರಬೇಕು. ಬಹಳ ಮುಂಚೆ ಬರೆಸಿದ ನಮೂನೆಯನ್ನೂ ಒಪ್ಪುವುದಿಲ್ಲ. ದಿನಾಂಕ ಒಂದು ವಾರಕ್ಕಿಂತ ಹೆಚ್ಚು ಮುಂದೆ ಹೋದರೆ ಹಳೆಯ ನಮೂನೆ ನಡೆಯುವುದೇ ಎಂದು ಕೇಳಿಕೊಳ್ಳಬೇಕು. ದಿನಾಂಕ ಬದಲಾದಾಗ ಗಾಲಿಕುರ್ಚಿಯ ಕೋರಿಕೆ, ಕಾಲು ಚಾಚಲು ಅನುಕೂಲವಿರುವ ಸೀಟಿಗೆ ಕೊಟ್ಟ ಹಣ, ಪಥ್ಯದ ಊಟ ಇವು ಹೊಸ ವಿಮಾನಕ್ಕೆ ತಾವಾಗಿಯೇ ವರ್ಗವಾಗದೆ ಉಳಿಯಬಹುದು. ಹೊಸ ಟಿಕೆಟು ಬಂದೊಡನೆ ಒಂದೊಂದನ್ನೂ ಮತ್ತೆ ನೋಡಬೇಕು.

ಹೊರಡಲಾಗದ ರಾತ್ರಿ

ಎಲ್ಲಕ್ಕಿಂತ ದುಬಾರಿಯಾದ ತಪ್ಪು ನಡೆಯುವುದು ಪ್ರಯಾಣದ ಹಿಂದಿನ ರಾತ್ರಿ. ರೋಗಿಗೆ ಜ್ವರ ಬರುತ್ತದೆ, ತುರ್ತು ವಿಭಾಗಕ್ಕೆ ಸೇರಿಸುತ್ತಾರೆ. ಆ ಸಮಯದಲ್ಲಿ ವಿಮಾನದ ನೆನಪು ಯಾರಿಗೂ ಇರುವುದಿಲ್ಲ. ಬೆಳಿಗ್ಗೆ ವಿಮಾನ ಹೊರಟುಹೋಗುತ್ತದೆ, ಟಿಕೆಟು ‘ನೋ ಷೋ’ ಎಂದು ದಾಖಲಾಗುತ್ತದೆ. ಹಾಗಾದರೆ ಹಲವು ದರಗಳಲ್ಲಿ ಹೆಚ್ಚಿನ ದಂಡವಿದೆ, ಕೆಲವು ದರಗಳಲ್ಲಿ ಟಿಕೆಟಿನ ಬೆಲೆಯೇ ಹೋಗುತ್ತದೆ. ಶುಲ್ಕವಿಲ್ಲದ ಬದಲಾವಣೆಯ ಹಕ್ಕೂ ಸಾಮಾನ್ಯವಾಗಿ ವಿಮಾನ ಹೊರಡುವ ಮೊದಲು ಕೇಳಿದವರಿಗೆ ಮಾತ್ರ.

ಆ ಗಳಿಗೆಯಲ್ಲಿ ಹೊಸ ದಿನಾಂಕವನ್ನು ಹೇಳಬೇಕಾಗಿಲ್ಲ ಎಂಬುದು ಹಲವರಿಗೆ ತಿಳಿಯದು. ಮರುಪ್ರಯಾಣದ ಸೀಟನ್ನು ಮಾತ್ರ ರದ್ದು ಮಾಡಿ, ಟಿಕೆಟನ್ನು ಹಾಗೆಯೇ ಉಳಿಸುವಂತೆ ಫೋನಿನಲ್ಲಿ ಕೇಳಿದರೆ ಬಹುತೇಕ ಸಂಸ್ಥೆಗಳು ಹಾಗೆ ಮಾಡುತ್ತವೆ. ಅವರ ಪರದೆಯ ಮೇಲೆ ಆ ಚೀಟಿ OPEN FOR USE ಎಂದು ತೋರುತ್ತದೆ. ಹಳೆಯ ಕಾಗದದ ಟಿಕೆಟಿನ ಪದವೇ ಇಲ್ಲಿ ಬೇರೆ ರೂಪದಲ್ಲಿ ಉಳಿದಿದೆ. ಚೇತರಿಸಿಕೊಂಡ ಮೇಲೆ, ಗರಿಷ್ಠ ಅವಧಿಯೊಳಗೆ, ಹೊಸ ದಿನ ಹಾಕಿಸಿಕೊಳ್ಳಬಹುದು. ಮಾತನಾಡಿದ ನೌಕರರ ಹೆಸರು, ಸಮಯ ಬರೆದಿಟ್ಟುಕೊಂಡು, ರದ್ದತಿಯನ್ನು ಮಿಂಚಂಚೆಯಲ್ಲಿ ಕಳುಹಿಸಿಕೊಳ್ಳಬೇಕು.

ಆದ್ದರಿಂದ ಟಿಕೆಟು ಯಾರಿಂದ ಕೊಂಡದ್ದು ಎಂಬುದಕ್ಕೂ ಬೆಲೆಯಿದೆ. ಚಳಿಗಾಲದಲ್ಲಿ ಹ್ಯೂಸ್ಟನ್ನಿನ ಗಡಿಯಾರ ನಮ್ಮದಕ್ಕಿಂತ ಹನ್ನೊಂದೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಎದ್ದ ತೊಂದರೆ ಊರಿನ ಏಜೆಂಟರಿಗೆ ರಾತ್ರಿ ಹನ್ನೆರಡೂವರೆಯ ಫೋನು. ಕೇವಲ ಅಂತರಜಾಲದಲ್ಲಿ ಮಾರುವ ಏಜೆನ್ಸಿಯಿಂದ ಕೊಂಡ ಟಿಕೆಟಾದರೆ ವಿಮಾನ ಸಂಸ್ಥೆಯು ಏಜೆನ್ಸಿಯತ್ತ, ಏಜೆನ್ಸಿಯು ಸಂಸ್ಥೆಯತ್ತ ಕೈತೋರಿಸುವುದು ಮಾಮೂಲು. ಅದರ ಮೇಲೆ ಏಜೆನ್ಸಿಯ ಸೇವಾಶುಲ್ಕ ಬೇರೆ. ಇಂತಹ ಪ್ರಯಾಣಕ್ಕೆ ಸಂಸ್ಥೆಯಿಂದಲೇ ನೇರವಾಗಿ, ಇಲ್ಲವೇ ಮಧ್ಯರಾತ್ರಿ ಫೋನು ಎತ್ತುವ ಪರಿಚಯದ ಏಜೆಂಟರಿಂದ ಕೊಳ್ಳುವುದು ಸಾವಿರ ರೂಪಾಯಿ ಹೆಚ್ಚಾದರೂ ಸರಿ.

ಬೇರೆ ದಾರಿಗಳು

ಹೋಗಲು ಒಂದು, ಬರಲು ಒಂದು ಎಂದು ಎರಡು ಏಕಮುಖ ಟಿಕೆಟು ಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜ. ಸಿಂಗಪುರ, ಕೊಲ್ಲಿ ದೇಶಗಳಂತಹ ಸಮೀಪದ ಊರುಗಳಿಗೆ, ಅಗ್ಗದ ದರದ ಸಂಸ್ಥೆಗಳು ಒಂದೊಂದು ದಿಕ್ಕಿಗೆ ಪ್ರತ್ಯೇಕ ಬೆಲೆ ಕಟ್ಟುವ ಕಡೆ, ಇದೇ ಒಳ್ಳೆಯ ದಾರಿ. ದೂರದ ಅಮೆರಿಕ, ಯೂರೋಪಿಗೆ ದೊಡ್ಡ ಸಂಸ್ಥೆಗಳ ಏಕಮುಖ ದರ ಹೋಗಿಬರುವ ದರದ ಅರ್ಧಕ್ಕಿಂತ ಬಹಳ ಹೆಚ್ಚಿರುವುದುಂಟು. ಅಲ್ಲದೆ ಮರುಪ್ರಯಾಣದ ಟಿಕೆಟಿಲ್ಲದ ಸಂದರ್ಶಕರನ್ನು ವಲಸೆ ಅಧಿಕಾರಿಗಳು ಹೆಚ್ಚು ಪ್ರಶ್ನಿಸುತ್ತಾರೆ. ಕೆಲವು ದೇಶಗಳಿಗಾದರೆ ಹೊರಡುವ ನಿಲ್ದಾಣದ ಕೌಂಟರಿನಲ್ಲಿಯೇ ತಡೆಯುತ್ತಾರೆ. ವ್ಯಾಪಾರದ ಓಡಾಟದಲ್ಲಿ ಕೂಡಿಬಿದ್ದ ಮೈಲುಗಳಿರುವವರಿಗೆ ಮರುಪ್ರಯಾಣವನ್ನು ಮೈಲುಗಳಿಂದ ಪಡೆಯುವುದು ಅನುಕೂಲ. ಆ ಟಿಕೆಟುಗಳ ರದ್ದತಿ ಶುಲ್ಕ ಅನೇಕ ಯೋಜನೆಗಳಲ್ಲಿ ಕಡಿಮೆ.

ಪ್ರವಾಸ ವಿಮೆ ಈ ನಷ್ಟವನ್ನು ತುಂಬುತ್ತದೆಂದು ನಂಬುವಂತಿಲ್ಲ. ಸಾಮಾನ್ಯ ಪ್ರವಾಸ ಪಾಲಿಸಿಗಳು ಚಿಕಿತ್ಸೆಗೆಂದೇ ಕೈಗೊಂಡ ಪ್ರಯಾಣವನ್ನೂ ಮೊದಲಿನಿಂದಿದ್ದ ಕಾಯಿಲೆಯಿಂದ ಆದ ವಿಳಂಬವನ್ನೂ ಹೊರಗಿಡುತ್ತವೆ.

‘ಮರುಪಾವತಿಯಾಗುವ’ ಟಿಕೆಟೆಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಒಮ್ಮೆ ಹೋಗುವ ಭಾಗವನ್ನು ಬಳಸಿದ ಮೇಲೆ ಮರುಪಾವತಿಯ ಲೆಕ್ಕದಲ್ಲಿ ಅದಕ್ಕೆ ಅರ್ಧ ಬೆಲೆಯಲ್ಲ, ಏಕಮುಖ ದರವನ್ನು ಕಳೆಯುತ್ತಾರೆ. 1,28,000ದಲ್ಲಿ ಏಕಮುಖ ದರ 85,000 ಎಂದಿದ್ದರೆ ಉಳಿಯುವುದು 43,000, ಅದರಲ್ಲಿ ರದ್ದತಿ ಶುಲ್ಕ ಬೇರೆ. ಮರುಪಾವತಿಯಿಲ್ಲದ ದರದಲ್ಲಿಯೂ ಬಳಸದ ಪ್ರಯಾಣದ ಮೇಲಿನ ವಿಮಾನ ನಿಲ್ದಾಣ ಶುಲ್ಕ ಮತ್ತು ಸರ್ಕಾರಿ ತೆರಿಗೆಗಳನ್ನು ಹಿಂದಕ್ಕೆ ಕೇಳಬಹುದು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ. ವಿದೇಶಿ ಸಂಸ್ಥೆಗಳ ಮರುಪಾವತಿಯ ವಿಧಾನ ಮಾತ್ರ ಆಯಾ ದೇಶದ ನಿಯಮಗಳಂತೆ ನಡೆಯುತ್ತದೆ.

ಬೆಂಗಳೂರಿನಿಂದ ಊರಿಗೆ ಮರಳುವ ಟಿಕೆಟನ್ನು ಅಂತರರಾಷ್ಟ್ರೀಯ ಟಿಕೆಟಿನಲ್ಲಿಯೇ ಸೇರಿಸಿರದಿದ್ದರೆ ಅದನ್ನು ಮುಂಚಿತವಾಗಿ ಕೊಳ್ಳಬಾರದು. ಒಂದರ ದಿನ ಬದಲಾದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಬೆಳಗಾವಿಯವರಿಗಾದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಟಿಕೆಟನ್ನು ಹ್ಯೂಸ್ಟನ್ನಿನಲ್ಲಿ ವೈದ್ಯರ ಪತ್ರ ಕೈಗೆ ಬಂದ ಮೇಲೆಯೇ ತೆಗೆಯಬಹುದು. ಟಿಕೆಟುಗಳ ಬಿಲ್ಲನ್ನು ಸಂಸ್ಥೆಯ ಜಿಎಸ್‌ಟಿ ಸಂಖ್ಯೆಗೆ ಮಾಡಿಸುವ ಅಭ್ಯಾಸವಿರುವವರು ಈ ಒಂದು ಪ್ರಯಾಣವನ್ನು ಪ್ರತ್ಯೇಕವಾಗಿಡಬೇಕು. ಮನೆಯವರ ಚಿಕಿತ್ಸೆ ಸ್ವಂತದ ಖರ್ಚು. ಅದರ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಪಡೆಯಲು ಬರುವುದಿಲ್ಲ.